ಕುಂಡದ ನಿಂಬೆ: ಎಲೆ ಮುದುರಿ ನರ ಹಳದಿ ಆದ್ರೆ ಗೊಬ್ಬರದ ಡಬ್ಬ ತೆಗೆಯೋ ಮೊದಲು ಮಾಡ್ಬೇಕಾದ ಕೆಲಸ

ಪಾಟ್‌ನಲ್ಲಿರೋ ನಿಂಬೆ ಗಿಡದ ಎಲೆ ಮುದುರ್ತಿದೆ, ನರ ಹಳದಿ ಆಗಿದೆ, ಇದು ಪೋಷಕಾಂಶದ ಕೊರತೆನಾ ಅಥವಾ ರಂಗೋಲಿ ಹುಳುನಾ ಅಂತ ಕೇಳೋರೆಲ್ಲ ಬಹುತೇಕ ಒಂದೇ ದಾರೀಲಿ ಹೋಗಿ ಸೋತು ಬಂದಿರ್ತಾರೆ. ಮೊದಲು ಕಬ್ಬಿಣದ ಟಾನಿಕ್ ಹಾಕ್ತಾರೆ, ಆಮೇಲೆ ಎಪ್ಸಮ್ ಸಾಲ್ಟ್, ಅದೂ ಆಗ್ಲಿಲ್ಲ ಅಂದ್ರೆ ಬೇವಿನ ಎಣ್ಣೆ, ಒಂದು ತಿಂಗಳು ಕಳೆಯೋಷ್ಟರಲ್ಲಿ ಅರ್ಧ ಎಲೆ ಉದುರಿ ಹೋಗಿರತ್ತೆ. ಕಾರಣ ಏನಂದ್ರೆ, ಎಲೆ ಮುದುರೋದು ಮತ್ತು ನರ ಹಳದಿ ಆಗೋದು ಎರಡೂ ಒಂದೇ ಕಾಯಿಲೆ ಅಂದ್ಕೊಂಡು ಒಂದೇ ಔಷಧಿ ಹುಡುಕ್ತೀವಿ. ಹೆಚ್ಚಿನ ಕುಂಡಗಳಲ್ಲಿ ಅವು ಬೇರೆ ಬೇರೆ. ಹುಳು ಚಿಗುರನ್ನ ಮುದುರಿಸತ್ತೆ, ಆದ್ರೆ ನರನ ಹಳದಿ ಮಾಡಲ್ಲ. ನರ ತಾನೇ ಹಳದಿ ಆಗಿ ಸುತ್ತಲಿನ ಭಾಗ ಹಸಿರಾಗೇ ಇದ್ರೆ ಅದು ಕಬ್ಬಿಣದ ಕೊರತೆನೂ ಅಲ್ಲ, ಸಾಮಾನ್ಯವಾಗಿ ಬೇರು ಅಥವಾ ಬುಡದ ತೊಂದರೆ.

ಈ ಮಾರ್ಗದರ್ಶಿ ಪೂರ್ತಿ ಆ ಒಂದು ಸಂದರ್ಭದ ಬಗ್ಗೆನೇ, ಅಂದ್ರೆ ಹಳೇ ಎಲೆಗಳಲ್ಲಿ ಹಳದಿ ನರ, ಹೊಸ ಎಲೆಗಳಲ್ಲಿ ಮುದುರು. ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, ಯಾಕಂದ್ರೆ ಮೊದಲ ನಾಲ್ಕು ಹಂತ ಹೆಚ್ಚಾಗಿ ನೋಡೋ ಕೆಲಸ, ಗಿಡಕ್ಕೆ ಗೊಬ್ಬರ, ಔಷಧಿ ಏನೂ ಹಾಕೋದಿಲ್ಲ.

## ಕೈಯಲ್ಲಿ ಇರ್ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಭೂತಗನ್ನಡಿ (ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದ್ರೂ ಆಗತ್ತೆ), ಚೂಪಾದ ಕತ್ತರಿ, ಕತ್ತರಿ ಒರೆಸೋಕೆ ಸ್ಪಿರಿಟ್, ಒಂದು ಉದ್ದನೆ ಮರದ ಕಡ್ಡಿ, ಗಿಡನ ಮಲಗಿಸೋಕೆ ಹಳೇ ಚೀಲ ಅಥವಾ ಶೀಟ್, ಒಂದು ಬಕೆಟ್. ಮಣ್ಣಿನ ಪಿಎಚ್ ನೋಡೋ ಪೇಪರ್ ಇದ್ರೆ ಒಳ್ಳೇದು, ಆದ್ರೆ ಎರಡು ಮುಳ್ಳು ಚುಚ್ಚಿ ನೋಡೋ ಅಗ್ಗದ ಮೀಟರ್ ತೋರಿಸೋ ನಂಬರ್ ನಂಬಿ ಔಷಧಿ ಹಾಕ್ಬೇಡಿ, ಅದು ಮಣ್ಣು ಎಷ್ಟು ಒದ್ದೆ ಇದೆ ಅನ್ನೋದರ ಮೇಲೆ ಬೇರೆ ಬೇರೆ ತೋರಿಸತ್ತೆ.

## ಹಂತ 1: ಮೂರು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ

ಒಂದು ಎಲೆ ಕೊಂಬೆಯ ಕೆಳಭಾಗದಿಂದ, ಒಂದು ನಡುವಿಂದ, ಒಂದು ತುದಿ ಚಿಗುರಿಂದ. ಮೂರನ್ನೂ ಪಕ್ಕಪಕ್ಕ ಇಟ್ಟು ಆಮೇಲೆ ಒಂದೊಂದಾಗಿ ಕಿಟಕಿ ಬೆಳಕಿಗೆ ಹಿಡಿದು ನೋಡಿ. ನೋಡ್ಬೇಕಾಗಿರೋದು ಒಂದೇ ವಿಷಯ, ಹಳದಿ ಇರೋದು ನರದಲ್ಲಾ ಅಥವಾ ನರಗಳ ಮಧ್ಯದಲ್ಲಾ. ತುಂಬಾ ಜನ ಇಲ್ಲೇ ಎಡವೋದು, "ನರ ಹಳದಿ" ಅಂತ ಹೇಳ್ತಾರೆ, ಫೋಟೋ ನೋಡಿದ್ರೆ ನರ ಹಸಿರಾಗಿದ್ದು ಮಧ್ಯದ ಭಾಗ ಹಳದಿ ಇರತ್ತೆ. ಇವೆರಡಕ್ಕೂ ಚಿಕಿತ್ಸೆ ಪೂರ್ತಿ ಬೇರೆ.

ತುದಿ ಚಿಗುರಿನ ಎಲೇಲಿ ಸಣ್ಣ ನರಗಳು ಕೂಡ ಹಸಿರು ಗೆರೆ ಥರ ಎದ್ದು ಕಾಣ್ತಾ, ಉಳಿದ ಭಾಗ ತಿಳಿ ಹಳದಿ ಇದ್ರೆ ಕಬ್ಬಿಣದ ಕೊರತೆ. ಹೊಸ ಎಲೆ ಗಾತ್ರದಲ್ಲೇ ಚಿಕ್ಕದಾಗಿ, ಕಿರಿದಾಗಿ, ನೆಟ್ಟಗೆ ನಿಂತು, ನರಗಳ ಮಧ್ಯೆ ಹಳದಿ ಮಚ್ಚೆ ಇದ್ರೆ ಸತು ಅಂದ್ರೆ ಜಿಂಕ್ ಕೊರತೆ. ಹಳೇ ಎಲೇಲಿ ಅಂಚು ಹಳದಿಯಾಗಿ, ತೊಟ್ಟಿನ ಹತ್ರ ಮಾತ್ರ ತಲೆಕೆಳಗಾದ 'ವಿ' ಆಕಾರದಲ್ಲಿ ಹಸಿರು ಉಳಿದಿದ್ರೆ ಮೆಗ್ನೀಷಿಯಂ. ಹಳೇ ಎಲೆ ನರ, ಮಧ್ಯ ಅಂತ ಭೇದ ಇಲ್ದೆ ಇಡಿಯಾಗಿ ಪೇಲವ ಆಗಿ ಉದುರ್ತಿದ್ರೆ ಸಾರಜನಕ.

ಇದಕ್ಕೆ ಉಲ್ಟಾ, ನಡುನರ ಮತ್ತು ಪಕ್ಕದ ನರಗಳು ಬೆಣ್ಣೆ ಬಣ್ಣಕ್ಕೋ ಹಳದಿಗೋ ತಿರುಗಿ, ಮಧ್ಯದ ಭಾಗ ಇನ್ನೂ ಹಸಿರಾಗೇ ಇದೆ ಅಂದ್ರೆ ಬೇರಿನಿಂದ ಎಲೆಗೆ, ಎಲೆಯಿಂದ ಬೇರಿಗೆ ಓಡಾಟ ಎಲ್ಲೋ ತಡೆದಿದೆ ಅಂತ ಅರ್ಥ. ಮಣ್ಣಲ್ಲಿ ಗೊಬ್ಬರ ಎಷ್ಟೇ ಇದ್ರೂ ಎಳ್ಕೊಳ್ಳೋ ಬೇರು ಇಲ್ಲ, ಅಥವಾ ಇದ್ರೂ ದಾರಿ ಮುಚ್ಚಿದೆ. ಇಂಥ ಗಿಡಕ್ಕೆ ಇನ್ನಷ್ಟು ಗೊಬ್ಬರ ಸುರಿದ್ರೆ ಮಣ್ಣಲ್ಲಿ ಉಪ್ಪು ಹೆಚ್ಚಾಗಿ ಉಳಿದಿರೋ ಬೇರೂ ಸುಡತ್ತೆ. ನನ್ನ ಪ್ರಕಾರ ಕುಂಡದ ನಿಂಬೆ ಸಾಯೋದು ಕೊರತೆಯಿಂದ ಅಲ್ಲ, ಈ ಹಂತದಲ್ಲಿ ಹಾಕೋ ಗೊಬ್ಬರದಿಂದ.

ಒಂದು ಮಾತು, ಒಳಗಡೆ ನೆರಳಲ್ಲಿರೋ ಒಂದೆರಡು ಹಳೇ ಎಲೆ ಹಳದಿಯಾಗಿ ಉದುರಿದ್ರೆ ಗಾಬರಿ ಬೇಡ, ವಯಸ್ಸಾದ ಎಲೆ ಹಾಗೇ ಹೋಗತ್ತೆ. ಒಂದೇ ವಾರದಲ್ಲಿ ಹತ್ತು ಹದಿನೈದು ಎಲೆ ಹೀಗಾದ್ರೆ ಮುಂದಿನ ಹಂತಕ್ಕೆ ಬನ್ನಿ.

## ಹಂತ 2: ಮುದುರಿರೋ ಎಲೆಯ ವಯಸ್ಸು ನೋಡಿ

ಈಗ ಹಳದಿ ವಿಷಯ ಪಕ್ಕಕ್ಕಿಡಿ, ಮುದುರು ಮಾತ್ರ ನೋಡಿ. ಮುದುರಿರೋದು ಎಳೇ ಎಲೆನಾ ಬಲಿತ ಎಲೆನಾ?

ರಂಗೋಲಿ ಹುಳು, ಅಂದ್ರೆ ಲೀಫ್ ಮೈನರ್, ಒಂದು ಪುಟಾಣಿ ಪತಂಗದ ಮರಿ. ಪತಂಗ ಸಂಜೆ ಮತ್ತು ರಾತ್ರಿ ಹೊತ್ತಲ್ಲಿ ಎಳೇ ಎಲೆ ಮೇಲೆ ಒಂದೊಂದೇ ಮೊಟ್ಟೆ ಇಡತ್ತೆ, ಮರಿ ಹೊರಬಂದ ತಕ್ಷಣ ಎಲೆಯ ಸಿಪ್ಪೆ ಕೆಳಗೆ ನುಗ್ಗಿ ಅಲ್ಲೇ ತಿಂತಾ ಸುರಂಗ ಮಾಡತ್ತೆ. ಭೂತಗನ್ನಡೀಲಿ ನೋಡಿದ್ರೆ ಬೆಳ್ಳಿ ಥರ ಹೊಳೆಯೋ ಅಂಕುಡೊಂಕು ದಾರಿ, ಅದರ ನಟ್ಟ ನಡುವೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಕಾಣತ್ತೆ, ಆ ಗೆರೆ ಹುಳುವಿನ ಹಿಕ್ಕೆ. ದಾರಿ ಕೊನೇಲಿ ತಿಳಿ ಹಳದಿ ಹಸಿರಿನ, ಮೂರು ಮಿಲಿಮೀಟರ್‌ಗಿಂತ ದೊಡ್ಡದಲ್ಲದ ಮರಿ ಸಿಗಬಹುದು. ಬೆಳೆದ ಮೇಲೆ ಎಲೆಯ ಅಂಚನ್ನ ತನ್ನ ಮೇಲೆ ಸುತ್ಕೊಂಡು ಒಳಗೆ ಕೋಶ ಆಗತ್ತೆ, ಎಲೆ ಅಂಚು ಮಡಚಿಕೊಳ್ಳೋದು ಅದಕ್ಕೇನೇ. ಎಲೆ ಬಲಿತು ಗಟ್ಟಿಯಾದ ಮೇಲೆ ಈ ಹುಳು ಹೊಸದಾಗಿ ಬರಲ್ಲ. ಹಾಗಾಗಿ ಬಲಿತ ಎಲೇಲಿ ಬೆಳ್ಳಿ ಗೆರೆ ಇದ್ರೆ ಅದು ಎಳೇದಿದ್ದಾಗ ಆದ ಹಳೇ ಗಾಯ, ಹುಳು ಯಾವತ್ತೋ ಹಾರಿ ಹೋಗಿದೆ, ಈಗ ಔಷಧಿ ಹೊಡೆದು ಪ್ರಯೋಜನ ಇಲ್ಲ.

ಬೆಳ್ಳಿ ಗೆರೆ ಇಲ್ಲದೇನೂ ಚಿಗುರು ಮುದುರತ್ತೆ. ಎಲೆ ಹಿಂಭಾಗದಲ್ಲಿ ಗುಂಪು ಗುಂಪಾಗಿ ಹಸಿರೋ ಕಪ್ಪೋ ಸಣ್ಣ ಹೇನು, ಮುಟ್ಟಿದ್ರೆ ಜಿಗಟು, ಪಕ್ಕದಲ್ಲಿ ಇರುವೆ ಓಡಾಟ ಇದ್ರೆ ಸಸ್ಯಹೇನು, ನೀರನ್ನ ಜೋರಾಗಿ ಸ್ಪ್ರೇ ಮಾಡಿ ತೊಳೆದ್ರೇ ಅರ್ಧ ಕಡಿಮೆ ಆಗತ್ತೆ. ಚಿಗುರು ಒರಟಾಗಿ, ಬೂದು ಬಣ್ಣದ ಗೀರು ಬಿದ್ದು ಮುರುಟಿದ್ರೆ ಥ್ರಿಪ್ಸ್ ಅಂದ್ರೆ ನುಸಿ.

ಇನ್ನು ಮುಖ್ಯವಾದದ್ದು. ಬಲಿತ ಎಲೆಗಳು ಯಾವ ಗೆರೆನೂ ಇಲ್ದೆ ನಡುನರದ ಉದ್ದಕ್ಕೆ ದೋಣಿ ಥರ ಒಳಕ್ಕೆ ಮಡಚ್ಕೊಂಡಿದ್ರೆ ಗಿಡಕ್ಕೆ ಬಾಯಾರಿದೆ. ಮಣ್ಣು ಒಣಗಿದ್ರೆ ಸರಿ, ನೀರು ಹಾಕಿದ್ರೆ ಸಂಜೆಗೋ ಮರುದಿನ ಬೆಳಿಗ್ಗೆಗೋ ಬಿಚ್ಚಿಕೊಳ್ಳತ್ತೆ. ಮಣ್ಣು ಒದ್ದೆ ಇದ್ದೂ ಎಲೆ ದೋಣಿ ಆಗಿದ್ರೆ ಅದೇ ದೊಡ್ಡ ಸೂಚನೆ, ನೀರಿನ ಮಧ್ಯೆ ನಿಂತೂ ಗಿಡ ನೀರು ಕುಡಿಯೋಕೆ ಆಗ್ತಿಲ್ಲ, ಬೇರು ಕೊಳೆತಿದೆ. ಎಲೆ ಬಾಡಿದೆ ಅಂತ ಇನ್ನೊಂದು ಚೊಂಬು ನೀರು ಹಾಕೋದು ಇಲ್ಲಿ ಆಗೋ ಅತಿ ಸಾಮಾನ್ಯ ತಪ್ಪು.

## ಹಂತ 3: ಬುಡ ಮತ್ತು ಕಾಂಡ ತಡವಿ ನೋಡಿ

ಬೇರಿಗೆ ಹೋಗೋ ಮೊದಲು ಎರಡು ನಿಮಿಷ ಕಾಂಡ ನೋಡಿ, ಯಾಕಂದ್ರೆ ಕೆಲವು ಸಲ ಕುಂಡದಿಂದ ಗಿಡ ತೆಗೆಯೋ ಕಷ್ಟನೇ ಬೇಕಾಗಲ್ಲ. ನರ್ಸರೀಲಿ ಕೋಲಿಗೆ ಕಟ್ಟಿದ ದಾರ, ತಂತಿ ಅಥವಾ ಕಸಿಗೆ ಸುತ್ತಿದ ಪ್ಲಾಸ್ಟಿಕ್ ಟೇಪ್ ಹಾಗೇ ಉಳಿದು ಕಾಂಡ ದಪ್ಪ ಆದ ಹಾಗೆ ತೊಗಟೆಗೆ ಕಚ್ಚಿಕೊಂಡಿರತ್ತೆ. ಎಲೇಲಿ ತಯಾರಾದ ಆಹಾರ ತೊಗಟೆ ಮೂಲಕನೇ ಕೆಳಗೆ ಇಳಿಯೋದು, ಅದು ಕತ್ತರಿಸಿದ ಹಾಗಾದ್ರೆ ಬೇರು ಹಸಿದು, ಮೇಲಿನ ಎಲೆಗಳ ನರ ಹಳದಿ ಆಗತ್ತೆ. ಒಂದೇ ಕೊಂಬೆ ಮಾತ್ರ ಹೀಗಾಗಿದ್ರೆ ಆ ಕೊಂಬೆಯ ಬುಡದಲ್ಲೇ ಗಾಯ, ಮುರಿತ, ದಾರ ಹುಡುಕಿ.

ಬುಡದ ಹತ್ರ ಅಂಟು ಥರ ಜಿನುಗಿದ್ಯಾ, ತೊಗಟೆ ಕಂದಾಗಿ ಮೆತ್ತಗಿದ್ಯಾ ನೋಡಿ. ಉಗುರಲ್ಲಿ ಸ್ವಲ್ಪ ಗೀರಿ, ಒಳಗೆ ಹಸಿರಿದ್ರೆ ಜೀವ ಇದೆ, ಕಂದು ಇದ್ರೆ ಕೊಳೆ ಕಾಂಡಕ್ಕೆ ಏರಿದೆ. ಸುತ್ತಲೂ ಉಂಗುರದ ಹಾಗೆ ಕಂದಾಗಿದ್ರೆ ಆ ಗಿಡ ಉಳಿಯೋದು ತುಂಬಾ ಕಷ್ಟ, ಅರ್ಧ ಸುತ್ತಿಗಿಂತ ಕಡಿಮೆ ಇದ್ರೆ ಪ್ರಯತ್ನ ಮಾಡಬಹುದು. ಕಸಿ ಜಾಗ ಮಣ್ಣಿನೊಳಗೆ ಹೂತಿದ್ರೆ ಈಗಲೇ ಮಣ್ಣು ಕೆರೆದು ಹೊರಗೆ ತನ್ನಿ, ಮಣ್ಣಿಂದ ನಾಲ್ಕೈದು ಬೆರಳು ಮೇಲೆ ಇರ್ಬೇಕು.

ಚಳಿಗಾಲದಲ್ಲಿ ಮಾತ್ರ ಇನ್ನೊಂದು ಸಾಧ್ಯತೆ ನೆನಪಿಟ್ಕೊಳ್ಳಿ. ಮಣ್ಣಿನ ಉಷ್ಣತೆ 12-13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ್ರೆ ನಿಂಬೆಯ ಬೇರು ಕೆಲಸ ನಿಲ್ಲಿಸಿದ ಹಾಗೆನೇ, ಬಿಸಿಲು ಜೋರಿದ್ರೂ ನಡುನರ ಹಳದಿ ಆಗತ್ತೆ. ಅಂಥ ಕಡೆ ಕುಂಡನ ನೆಲದಿಂದ ಎತ್ತಿಡಿ, ನೀರು ಕಡಿಮೆ ಮಾಡಿ, ಬಿಸಿ ಆಗೋವರೆಗೂ ಕಾಯಿರಿ, ಬೇರೆ ಏನೂ ಬೇಡ.

## ಹಂತ 4: ಗಿಡನ ಕುಂಡದಿಂದ ಹೊರಗೆ ತೆಗೆದು ಬೇರು ನೋಡಿ

ಎಲ್ಲರೂ ಬಿಟ್ಟುಬಿಡೋ ಹಂತ ಇದು, ಗಿಡಕ್ಕೆ ತೊಂದ್ರೆ ಆಗತ್ತೇನೋ ಅಂತ ಭಯ. ಮಣ್ಣಿನ ಉಂಡೆ ಒಡೆಯದ ಹಾಗೆ ತೆಗೆದು ನೋಡಿ ವಾಪಸ್ ಇಟ್ರೆ ಏನೂ ಆಗಲ್ಲ.

ಮೊದಲು ಮರದ ಕಡ್ಡಿನ ಕುಂಡದ ಅಂಚಿನ ಹತ್ರ ತಳದವರೆಗೂ ಚುಚ್ಚಿ ಐದು ನಿಮಿಷ ಬಿಟ್ಟು ಎಳೀರಿ. ಮೇಲಿನ ಎರಡು ಇಂಚು ಒಣಗಿದ್ದು, ಕಡ್ಡಿಯ ಕೆಳಗಿನ ಅರ್ಧ ಕಪ್ಪಾಗಿ ಒದ್ದೆ ಇದ್ದು ಮೂಗಿನ ಹತ್ರ ಹಿಡಿದ್ರೆ ಚರಂಡಿ ವಾಸನೆ ಬಂದ್ರೆ ಉತ್ತರ ಅರ್ಧ ಸಿಕ್ಕಿದ ಹಾಗೆ. ಬರೀ ಬೆರಳಿಟ್ಟು ಮೇಲ್ಮಣ್ಣು ನೋಡೋರು ಮೋಸ ಹೋಗೋದು ಇಲ್ಲೇ.

ಆಮೇಲೆ ಕುಂಡನ ಚೀಲದ ಮೇಲೆ ಮಲಗಿಸಿ, ಸುತ್ತಲೂ ಅಂಗೈಲಿ ತಟ್ಟಿ, ಕಾಂಡದ ಬುಡ ಹಿಡ್ಕೊಂಡು ನಿಧಾನಕ್ಕೆ ಹೊರಗೆ ಜಾರಿಸಿ. ಆರೋಗ್ಯದ ಬೇರು ಕೆನೆ ಬಣ್ಣ ಅಥವಾ ತಿಳಿ ಕಂದು, ಹಿಡಿದ್ರೆ ಗಟ್ಟಿ, ಹಸಿ ಮಣ್ಣಿನ ವಾಸನೆ. ಕೊಳೆತ ಬೇರು ಗಾಢ ಕಂದು, ಎರಡು ಬೆರಳಲ್ಲಿ ಹಿಡಿದು ಎಳೆದ್ರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ತೆಳು ದಾರ ಮಾತ್ರ ಉಳಿಯತ್ತೆ. ಈ ದಾರ ಉಳಿಯೋ ಪರೀಕ್ಷೆ ಒಂದನ್ನ ಮರೀಬೇಡಿ, ಬಣ್ಣ ಮಣ್ಣಿಂದಾನೂ ಬದಲಾಗಬಹುದು, ಸಿಪ್ಪೆ ಕಳಚೋದು ಮಾತ್ರ ಕೊಳೆತಾಗ್ಲೇ.

ಬೇರು ಕೊಳೆತಿಲ್ಲ, ಆದ್ರೆ ಕುಂಡದ ಗೋಡೆಗೆ ಬುಟ್ಟಿ ಹೆಣೆದ ಹಾಗೆ ಸುತ್ತಿದೆ, ಮಣ್ಣೇ ಕಾಣಲ್ಲ ಅಂದ್ರೆ ಜಾಗ ಸಾಲ್ತಿಲ್ಲ. ಬೇರು ಚೆನ್ನಾಗೇ ಇದ್ದು ಮೇಲ್ಮಣ್ಣಲ್ಲಿ, ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದ್ರೆ ಉಪ್ಪು ಕೂತಿದೆ, ಗೊಬ್ಬರದ್ದೋ ಗಡಸು ನೀರಿಂದೋ. ಆಗ ಮತ್ತೆ ಕುಂಡಕ್ಕಿಟ್ಟು, ಕುಂಡದ ಗಾತ್ರದ ಎರಡು ಮೂರು ಪಟ್ಟು ಒಳ್ಳೆ ನೀರನ್ನ ನಿಧಾನಕ್ಕೆ ಹಾಯಿಸಿ ತಳದಿಂದ ಹರಿಯೋಕೆ ಬಿಡಿ.

## ಒಂದು ಗಿಡದ ಕಥೆ, ಹಂತ ಹಂತವಾಗಿ

ನನ್ನ ಗೆಳತಿಯ ಗಿಡ ಇದು, 14 ಇಂಚಿನ ಪ್ಲಾಸ್ಟಿಕ್ ಕುಂಡ, ಮೂರು ವರ್ಷದ ಕಸಿ ನಿಂಬೆ. ಕೆಳಗಿನ ಎಲೆಗಳ ನರ ಹಳದಿ, ತುದೀಲಿ ಎರಡು ಚಿಗುರು ಪೂರ್ತಿ ಮುದುರಿತ್ತು. ಅವಳು ಆರು ವಾರದಲ್ಲಿ ಕಬ್ಬಿಣ ಎರಡು ಸಲ, ಎಪ್ಸಮ್ ಸಾಲ್ಟ್ ಮೂರು ಸಲ, ಬೇವಿನ ಎಣ್ಣೆ ವಾರಕ್ಕೊಂದು ಸಲ ಹಾಕಿದ್ಲು, ಎಲೆ ಉದುರೋದು ಹೆಚ್ಚಾಯ್ತು.

ಹೋಗಿ ನೋಡಿದಾಗ ತುದಿ ಚಿಗುರಲ್ಲಿ ಬೆಳ್ಳಿ ಗೆರೆ, ನಡುವೆ ಕಪ್ಪು ಗೆರೆ ಸ್ಪಷ್ಟವಾಗಿತ್ತು, ಅಂದ್ರೆ ಹುಳು ನಿಜ. ಆದ್ರೆ ಹಳದಿ ನರ ಇದ್ದ ಹಳೇ ಎಲೇಲಿ ಒಂದೇ ಒಂದು ಗೆರೆ ಇರಲಿಲ್ಲ, ಅವು ದೋಣಿ ಥರ ಮಡಚಿದ್ವು, ಮಣ್ಣು ಒದ್ದೆ. ಕುಂಡದ ಕೆಳಗೆ ನೀರು ಚೆಲ್ಲಬಾರದು ಅಂತ ಇಟ್ಟಿದ್ದ ತಟ್ಟೇಲಿ ಒಂದು ಬೆರಳು ನೀರು ನಿಂತಿತ್ತು, ಯಾವಾಗಲೂ ಇರತ್ತಂತೆ. ಹೊರಗೆ ತೆಗೆದ್ರೆ ಮೇಲಿನ ಅರ್ಧ ಬೇರು ಚೆನ್ನಾಗಿದೆ, ತಳದ ಮೂರರಲ್ಲೊಂದು ಭಾಗ ಕಂದು ಗಂಜಿ, ಎಳೆದ ಕಡೆಯೆಲ್ಲ ಸಿಪ್ಪೆ ಕಳಚಿ ದಾರ. ತಳದ ತೂತುಗಳಿಗೆ ಬೇರು, ಮಣ್ಣು ಸೇರಿ ಮುಚ್ಚಿಹೋಗಿತ್ತು.

ಮುಂದೆ ಮಾಡಿದ್ದೇ ಕೆಳಗಿನ ಹಂತ 5. ಫಲಿತಾಂಶ ಇಲ್ಲೇ ಹೇಳ್ತೀನಿ, ಮೊದಲ ಎರಡು ವಾರ ಇನ್ನೂ ಹನ್ನೆರಡು ಎಲೆ ಉದುರಿತು, ಅವಳು ಅತ್ತೇಬಿಟ್ಲು. ಮೂರನೇ ವಾರ ಉದುರೋದು ನಿಂತಿತು, ಆರನೇ ವಾರದ ಕೊನೇಲಿ ಮೂರು ಕಡೆ ಅಕ್ಕಿಕಾಳಿನಷ್ಟು ಹಸಿರು ಚಿಗುರು ಬಂತು. ಹಳದಿಯಾಗಿದ್ದ ಹಳೇ ಎಲೆಗಳಲ್ಲಿ ಹೆಚ್ಚಿನವು ಹಸಿರಿಗೆ ತಿರುಗಲೇ ಇಲ್ಲ, ಆದ್ರೆ ಹೊಸ ಎಲೆಗಳ ನರ ಹಸಿರಾಗೇ ಬಂತು. ನೋಡ್ಬೇಕಾದ್ದು ಅದನ್ನೇ.

## ಹಂತ 5: ಕೊಳೆತ ಬೇರು ತೆಗೆದು ಮತ್ತೆ ನೆಡೋದು

ಕತ್ತರಿನ ಸ್ಪಿರಿಟ್‌ನಲ್ಲಿ ಒರೆಸಿ, ಕಂದಾಗಿ ಮೆತ್ತಗಾದ ಬೇರನ್ನ ಗಟ್ಟಿ ಬಿಳಿ ಭಾಗ ಸಿಗೋವರೆಗೂ ಕತ್ತರಿಸಿ. ಚೆನ್ನಾಗಿರೋ ಬೇರಿನ ಸುತ್ತ ಇರೋ ಮಣ್ಣನ್ನ ತೊಳೆದು ಬೋಳು ಮಾಡ್ಬೇಡಿ, ಕೂದಲಿನಂಥ ಬೇರುಗಳು ಅದರ ಜೊತೆ ಹೋಗ್ಬಿಡತ್ತೆ. ಕೊಳೆತ ಭಾಗದ ಮಣ್ಣು ಮಾತ್ರ ಉದುರಿಸಿ, ಅದನ್ನ ಬೇರೆ ಕುಂಡಕ್ಕೆ ಬಳಸ್ಬೇಡಿ.

ಕುಂಡ ದೊಡ್ಡದು ಮಾಡೋ ಆಸೆ ಬೇಡ. ಬೇರು ಕಡಿಮೆ ಆಗಿರೋ ಗಿಡನ ದೊಡ್ಡ ಕುಂಡಕ್ಕೆ ಹಾಕಿದ್ರೆ ಬೇರಿಲ್ಲದ ಮಣ್ಣು ದಿನಗಟ್ಟಲೆ ಒದ್ದೆ ಇದ್ದು ಮತ್ತೆ ಅದೇ ಕಥೆ. ಅದೇ ಕುಂಡನ ತೊಳೆದು ಒಣಗಿಸಿ ಬಳಸಿ, ತಳದಲ್ಲಿ ಕಿರುಬೆರಳು ಹೋಗೋಷ್ಟು ಅಗಲದ ನಾಲ್ಕೈದು ತೂತು ಇರಲಿ. ತಳಕ್ಕೆ ಜಲ್ಲಿ ಹಾಕಿದ್ರೆ ನೀರು ಬೇಗ ಬಸಿಯತ್ತೆ ಅನ್ನೋದು ತಪ್ಪು ತಿಳುವಳಿಕೆ, ಅದು ಒದ್ದೆ ಮಣ್ಣನ್ನ ಬೇರಿಗೆ ಇನ್ನೂ ಹತ್ರ ತರತ್ತೆ ಅಷ್ಟೆ. ತೂತಿನ ಮೇಲೆ ಒಂದು ತುಂಡು ಬಲೆ ಸಾಕು.

ಮಣ್ಣಿಗೆ ನಾನು ಬಳಸೋ ಲೆಕ್ಕ, ಹತ್ತು ಪಾಲಲ್ಲಿ ಮೂರು ಪಾಲು ತೋಟದ ಮಣ್ಣು, ಮೂರು ಪಾಲು ದಪ್ಪ ಮರಳು ಅಥವಾ ಪರ್ಲೈಟ್, ಎರಡು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್, ಎರಡು ಪಾಲು ತೊಳೆದ ಕೋಕೋಪೀಟ್. ನುಣ್ಣನೆ ಮರಳು ಹಾಕ್ಬೇಡಿ, ಸಿಮೆಂಟ್ ಥರ ಕಟ್ಕೊಳ್ಳತ್ತೆ. ಕಳೆನಾಶಕ ಹೊಡೆದಿದ್ದ ಜಾಗದ ಮಣ್ಣಂತೂ ಬೇಡವೇ ಬೇಡ, ಕೆಲವು ಕಳೆನಾಶಕಗಳು ತಾವೇ ನಿಂಬೆಯ ನರ ಹಳದಿ ಮಾಡತ್ವೆ. ನೆಟ್ಟು ಮಣ್ಣನ್ನ ಪೂರ್ತಿ ನೆನೆಸಿದ ಮೇಲೆ ಇನ್ನೊಂದು ಲೀಟರ್ ನೀರು ಸುರಿದು ನೋಡಿ, ಒಂದೆರಡು ನಿಮಿಷದೊಳಗೆ ತಳದಿಂದ ಬರೋಕೆ ಶುರು ಆಗ್ಬೇಕು, ಮೇಲೆ ಕೆರೆ ಥರ ನಿಂತ್ರೆ ಮರಳಿನ ಪಾಲು ಹೆಚ್ಚಿಸಿ ಮತ್ತೆ ಕಲಸಿ.

ಬೇರು ಮೂರರಲ್ಲೊಂದು ಹೋಗಿದ್ರೆ ಒಣಗಿದ, ಸಣಕಲು ಕೊಂಬೆಗಳನ್ನ ಸ್ವಲ್ಪ ತೆಗೀರಿ, ಹಸಿರೆಲೆ ಆದಷ್ಟು ಬಿಡಿ, ಹೊಸ ಬೇರಿಗೆ ಆಹಾರ ಬರೋದು ಅದರಿಂದಾನೇ. ಕಾಯಿ, ಹೂ ಇದ್ರೆ ಕಿತ್ತುಬಿಡಿ. ಹತ್ತು ಹದಿನಾಲ್ಕು ದಿನ ಬೆಳಗಿನ ಬಿಸಿಲು ಮಾತ್ರ ಬೀಳೋ ಜಾಗದಲ್ಲಿಟ್ಟು ಆಮೇಲೆ ನಿಧಾನಕ್ಕೆ ಪೂರ್ತಿ ಬಿಸಿಲಿಗೆ ತನ್ನಿ. ತಟ್ಟೆ ತೆಗೆದು ಕುಂಡದ ಕೆಳಗೆ ಮೂರು ಇಟ್ಟಿಗೆ ತುಂಡು ಇಡಿ.

ನೀರಿಗೆ ದಿನದ ಲೆಕ್ಕ ಬೇಡ. ನೆಟ್ಟ ದಿನ ತುಂಬಾ ನೀರು ಹಾಕಿ ಬಸಿದ ಮೇಲೆ ಕುಂಡನ ಒಮ್ಮೆ ಎತ್ತಿ ಭಾರ ನೆನಪಿಟ್ಕೊಳ್ಳಿ. ಮುಂದೆ ಕಡ್ಡಿ ಚುಚ್ಚಿ ಎರಡು ಇಂಚು ಒಣಗಿದೆ, ಎತ್ತಿದ್ರೆ ಹಗುರ ಅನ್ಸತ್ತೆ ಅಂದಾಗ ಮಾತ್ರ, ತಳದಿಂದ ಹರಿಯೋವರೆಗೂ ಹಾಕಿ. ದಿನಾ ಒಂದು ಲೋಟ ಹಾಕೋ ಅಭ್ಯಾಸ ಬಿಟ್ಟುಬಿಡಿ, ಅದರಲ್ಲಿ ಮೇಲೆ ಯಾವಾಗಲೂ ಒದ್ದೆ, ಉಪ್ಪು ಮಾತ್ರ ಕೆಳಗೆ ಹೋಗದೆ ಕೂರತ್ತೆ.

## ಹಂತ 6: ಗೊಬ್ಬರ, ಚಿಗುರು ಬಂದ ಮೇಲೆ ಮಾತ್ರ

ಹೊಸ ಚಿಗುರು ಒಂದು ಇಂಚು ಬೆಳೆಯೋವರೆಗೂ ಬುಡಕ್ಕೆ ಯಾವ ಗೊಬ್ಬರನೂ ಬೇಡ. ಬರೋಕೆ ನಾಲ್ಕರಿಂದ ಎಂಟು ವಾರ ಹಿಡಿಯಬಹುದು, ಆ ಸಮಯದಲ್ಲಿ ಕೈ ಕಟ್ಟಿ ಕೂರೋದೇ ಕಷ್ಟದ ಕೆಲಸ. ಬಂದ ಮೇಲೆ ಎರಡು ಹಿಡಿ ಎರೆಗೊಬ್ಬರ ಮೇಲ್ಮಣ್ಣಿಗೆ ಬೆರೆಸಿ, ಅಥವಾ ನೀರಲ್ಲಿ ಕರಗೋ 19:19:19 ಗೊಬ್ಬರ ಲೀಟರ್‌ಗೆ 1 ಗ್ರಾಂ ಮಾತ್ರ, ಹದಿನೈದು ದಿನಕ್ಕೊಮ್ಮೆ, ಒದ್ದೆ ಮಣ್ಣಿಗೆ ಹಾಕಿ. ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಿದ್ರೆ ಬೇರು ಸುಡತ್ತೆ.

ಹಂತ 1ರಲ್ಲಿ ನಿಮ್ಮ ಗಿಡದ ನರ ಹಸಿರಿದ್ದು ಮಧ್ಯ ಹಳದಿ ಇತ್ತು, ಬೇರೂ ಗಟ್ಟಿ ಇದೆ ಅಂದ್ರೆ ಮಾತ್ರ ನಿಜವಾದ ಕೊರತೆ. ಆಗಲೂ ಕಬ್ಬಿಣ ಮಣ್ಣಲ್ಲಿ ಇಲ್ಲ ಅಂತಲ್ಲ, ಗಡಸು ನೀರು ಹಾಕಿ ಹಾಕಿ ಪಿಎಚ್ ಏರಿ ಬೇರಿಗೆ ಸಿಗದ ರೂಪಕ್ಕೆ ಹೋಗಿರತ್ತೆ, ನಿಂಬೆಗೆ ಬೇಕಾಗಿರೋದು ಸುಮಾರು 5.5ರಿಂದ 6.5. ಇಂಥ ಮಣ್ಣಿಗೆ ಸಾದಾ ಫೆರಸ್ ಸಲ್ಫೇಟ್ ಹಾಕಿದ್ರೆ ಬೇಗ ಕಟ್ಟಿಹೋಗತ್ತೆ, ಕಬ್ಬಿಣನ ಬೇರಿಗೆ ಸಿಗೋ ಹಾಗೆ ಹಿಡಿದಿಡೋ ಚಿಲೇಟೆಡ್ ರೂಪದಲ್ಲೂ ಇಡಿಟಿಎ ಅನ್ನೋದು ಪಿಎಚ್ ಏರಿದಾಗ ಕೈ ಕೊಡತ್ತೆ, ಇಡಿಡಿಎಚ್‌ಎ ಅಂತ ಲೇಬಲ್ ಮೇಲೆ ಬರೆದಿರೋದನ್ನ ತಗೊಳ್ಳಿ. ಜಿಂಕ್ ಮತ್ತು ಮೆಗ್ನೀಷಿಯಂ ಎಲೆಗೆ ಸ್ಪ್ರೇ ಮಾಡಿದ್ರೆ ಬೇಗ ಹತ್ತತ್ತೆ, ಎಪ್ಸಮ್ ಸಾಲ್ಟ್ ಲೀಟರ್‌ಗೆ 10 ಗ್ರಾಂ, ಲಘು ಪೋಷಕಾಂಶದ ಮಿಶ್ರಣ ಆದ್ರೆ ಲೇಬಲ್ ಹೇಳಿದ್ದರ ಅರ್ಧ. ಸಂಜೆ ಹೊಡೀರಿ, ಎರಡನ್ನೂ ಒಂದೇ ದಿನ ಬೆರೆಸ್ಬೇಡಿ.

## ಹಂತ 7: ಮುಂದಿನ ಚಿಗುರನ್ನ ಹುಳುವಿಂದ ಕಾಪಾಡೋದು

ಈಗಾಗಲೇ ಮುದುರಿರೋ ಎಲೆ ಮತ್ತೆ ನೆಟ್ಟಗಾಗಲ್ಲ, ಅದಕ್ಕೆ ಔಷಧಿ ವೇಸ್ಟ್. ಹಾಗಂತ ಎಲ್ಲ ಕಿತ್ತು ಹಾಕ್ಬೇಡಿ, ಅರ್ಧ ಹಸಿರಿದ್ರೂ ಅದು ಗಿಡಕ್ಕೆ ಊಟ ಮಾಡಿ ಹಾಕ್ತಿದೆ. ಕತ್ತರಿಸಿದ ಕಡೆಯಿಂದ ಹೊಸ ಚಿಗುರು ನುಗ್ಗತ್ತೆ, ಹುಳುಗೆ ಬೇಕಾಗಿರೋದೂ ಅದೇ. ಒಂದೆರಡೇ ಎಲೆ ಇದ್ರೆ ಸುರಂಗದ ತುದೀಲಿ ಮರಿ ಇರೋ ಜಾಗ ಹುಡುಕಿ ಉಗುರಲ್ಲಿ ಒತ್ತಿ, ಸುಲಭದ ಕೆಲಸ.

ಸ್ಪ್ರೇ ಮಾಡೋ ಸಮಯ ಒಂದೇ, ಹೊಸ ಎಲೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಇದ್ದಾಗ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯೋಕೆ 1 ಮಿಲಿ ಸೌಮ್ಯ ಲಿಕ್ವಿಡ್ ಸೋಪ್, ಚೆನ್ನಾಗಿ ಕುಲುಕಿ ಎಲೆಯ ಎರಡೂ ಬದಿಗೆ ಸಂಜೆ ಹೊಡೀರಿ. ಏಳು ದಿನಕ್ಕೊಮ್ಮೆ, ಎಲೆ ಬಲಿಯೋವರೆಗೂ, ಅಂದ್ರೆ ಎರಡು ಮೂರು ಸಲ ಸಾಕು. ಬೇವಿನ ಎಣ್ಣೆ ಮುಖ್ಯವಾಗಿ ಮೊಟ್ಟೆ ಇಡೋದನ್ನ ತಡೆಯತ್ತೆ, ಸಿಪ್ಪೆ ಒಳಗೆ ಕೂತ ಮರಿಗೆ ಅಷ್ಟು ಮುಟ್ಟಲ್ಲ, ಅದಕ್ಕೇ ಗೆರೆ ಕಂಡ ಮೇಲೆ ಹೊಡೆಯೋರಿಗೆ ಫಲ ಸಿಗಲ್ಲ. ತೀರಾ ಹೆಚ್ಚಾದ್ರೆ ಸ್ಪಿನೋಸಾಡ್ ಇದೆ, ಲೇಬಲ್ ಪ್ರಮಾಣ ಮೀರದೆ, ಹೂವಿದ್ದಾಗ ಬಿಟ್ಟು, ಏಕೆಂದ್ರೆ ಒದ್ದೆ ಇರೋವಾಗ ಅದು ಜೇನುಹುಳುಗೆ ವಿಷ. ಬಿಸಿಲಲ್ಲಿ, ಬಾಯಾರಿದ ಗಿಡಕ್ಕೆ, ಬೇರು ಕತ್ತರಿಸಿದ ಮೊದಲ ಎರಡು ವಾರ ಯಾವ ಎಣ್ಣೆನೂ ಬೇಡ.

ಸಾರಜನಕ ಜಾಸ್ತಿ ಹಾಕಿ ತಿಂಗಳು ತಿಂಗಳೂ ಚಿಗುರೋ ಹಾಗೆ ಮಾಡಿದ್ರೆ ಹುಳುಗೆ ವರ್ಷಪೂರ್ತಿ ಹಬ್ಬ. ದೊಡ್ಡ ಗಿಡ ಹುಳುವಿಂದ ಸಾಯಲ್ಲ, ಎಲೆ ನೋಡೋಕೆ ಚೆನ್ನಾಗಿರಲ್ಲ ಅಷ್ಟೆ. ಆದ್ರೆ ಸುರಂಗದ ಗಾಯದ ಮೂಲಕ ಕಜ್ಜಿ ರೋಗ ಸೇರ್ಕೊಳ್ಳತ್ತೆ, ಎಲೆ ಮೇಲೆ ಒರಟಾದ ಉಬ್ಬಿದ ಕಂದು ಚುಕ್ಕೆ, ಸುತ್ತ ಹಳದಿ ಉಂಗುರ ಕಂಡ್ರೆ ಆ ಎಲೆಗಳನ್ನ ತೆಗೆದು ಮುಚ್ಚಿದ ಚೀಲದಲ್ಲಿ ಹಾಕಿ ಎಸೀರಿ.

## ಹಂತ 8: ಇವು ಕಂಡ್ರೆ ಮನೇಲಿ ಪ್ರಯೋಗ ನಿಲ್ಲಿಸಿ

ಬೇರು ಗಟ್ಟಿ, ಕಾಂಡ ಸರಿ, ನೀರು ಸರಿ, ಆದ್ರೂ ಹೊಸ ಎಲೆಗಳಲ್ಲೇ ನರ ಹಳದಿ ಬರ್ತಿದೆ ಅಂದ್ರೆ ಎರಡು ದೊಡ್ಡ ಕಾಯಿಲೆ ನೆನಪಿಗೆ ಬರ್ಬೇಕು. ಒಂದು ಗ್ರೀನಿಂಗ್, ಹುವಾಂಗ್‌ಲಾಂಗ್‌ಬಿಂಗ್ ಅಂತಾನೂ ಕರೀತಾರೆ, ಸಿಲ್ಲಿಡ್ ಅನ್ನೋ ಸಣ್ಣ ಕೀಟದಿಂದ ಹರಡೋ ಬ್ಯಾಕ್ಟೀರಿಯಾ. ಎಲೆಯ ನಡುನರದ ಎರಡೂ ಬದಿ ಹೋಲಿಸಿ ನೋಡಿ, ಕೊರತೆ ಇದ್ರೆ ಎಡಬಲ ಕನ್ನಡೀಲಿ ಕಂಡ ಹಾಗೆ ಒಂದೇ ಥರ ಇರತ್ತೆ, ಗ್ರೀನಿಂಗ್‌ನಲ್ಲಿ ಒಂದು ಬದಿಯ ಮಚ್ಚೆಗೂ ಇನ್ನೊಂದು ಬದಿಗೂ ಹೊಂದಲ್ಲ. ಕಾಯಿ ಚಿಕ್ಕದಾಗಿ ಓರೆಯಾಗಿ ಬೆಳೆಯತ್ತೆ.

ಇನ್ನೊಂದು ಯೆಲ್ಲೋ ವೇನ್ ಕ್ಲಿಯರಿಂಗ್ ಅನ್ನೋ ವೈರಸ್, ಇದು ನಿಂಬೆ ಜಾತಿಗೇ ಜಾಸ್ತಿ ಕಾಡೋದು. ಎಳೇ ಎಲೆನ ಹಿಂಭಾಗದಿಂದ ಬೆಳಕಿಗೆ ಹಿಡಿದ್ರೆ ನರಗಳು ಎಣ್ಣೆ ಸವರಿದ ಕಾಗದದ ಹಾಗೆ ಪಾರದರ್ಶಕ ಹಳದಿ ಕಾಣತ್ತೆ, ಜೊತೆಗೆ ಎಲೆ ಸುಕ್ಕುಗಟ್ಟಿ ಮುದುರತ್ತೆ, ಆದ್ರೆ ಬೆಳ್ಳಿ ಗೆರೆ ಇರಲ್ಲ. ಸಸ್ಯಹೇನು, ಬಿಳಿನೊಣದಿಂದ, ಕತ್ತರಿಯಿಂದ, ಕಸಿ ಕಡ್ಡಿಯಿಂದ ಹರಡತ್ತೆ. ಎರಡಕ್ಕೂ ವಾಸಿ ಮಾಡೋ ಔಷಧಿ ಇಲ್ಲ. ಗಿಡನ ಬೇರೆ ನಿಂಬೆ, ಕಿತ್ತಳೆ ಗಿಡಗಳಿಂದ ದೂರ ಇಡಿ, ಕತ್ತರಿ ಬೇರೆ ಗಿಡಕ್ಕೆ ತಾಗಿಸ್ಬೇಡಿ, ಕಡ್ಡಿ ಯಾರಿಗೂ ಕೊಡ್ಬೇಡಿ, ಹಂತ 1ರಲ್ಲಿ ಕಿತ್ತ ಹಾಗೇ ಮೂರು ಎಲೆಗಳನ್ನ ಮುಚ್ಚಿದ ಕವರ್‌ನಲ್ಲಿ ಹಾಕಿ ಹತ್ತಿರದ ತೋಟಗಾರಿಕೆ ಇಲಾಖೆಗೋ ಕೃಷಿ ವಿಶ್ವವಿದ್ಯಾಲಯಕ್ಕೋ ತೋರಿಸಿ, ಕಣ್ಣಲ್ಲಿ ನೋಡಿ ಇದೇ ಅಂತ ಖಚಿತವಾಗಿ ಹೇಳೋಕಾಗಲ್ಲ, ಲ್ಯಾಬ್ ಪರೀಕ್ಷೆ ಬೇಕು.

ಇದ್ಯಾವುದೂ ಅಲ್ಲ ಅಂದ್ರೆ ಹಂತ 5 ಮಾಡಿದ ದಿನಾಂಕ ಕುಂಡದ ಮೇಲೆ ಬರೆದು, ಹದಿನೈದು ದಿನಕ್ಕೊಮ್ಮೆ ಅದೇ ಕೊಂಬೆಯ ಫೋಟೋ ತೆಗೀತಾ ಹೋಗಿ. ಎಂಟು ವಾರ ಆದ್ರೂ ಒಂದೂ ಚಿಗುರು ಬಂದಿಲ್ಲ, ಉಗುರಲ್ಲಿ ಗೀರಿದ್ರೆ ಕೊಂಬೆಯ ತುದಿಯಿಂದ ಕೆಳಕ್ಕೆ ಕಂದು ಇಳೀತಿದೆ ಅಂದ್ರೆ ಮತ್ತೊಮ್ಮೆ ಕುಂಡ ಮಲಗಿಸಿ ಬೇರು ನೋಡಿ. ಬಿಳಿ ಬೇರಿನ ತುದಿ ನಾಲ್ಕಾದ್ರೂ ಕಂಡ್ರೆ ವಾಪಸ್ ಇಟ್ಟು ಇನ್ನೊಂದು ತಿಂಗಳು ಕೊಡಿ.